ನಗದು 270 ರೂಪಾಯಿ ಕಡಿಮೆ

ಜುಲೈ ತಿಂಗಳ ಒಂದು ಭಾನುವಾರ. ಶಿರಸಿಯಲ್ಲಿ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ನಮ್ಮನೆ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಸ್ಟ್ಯಾಂಡ್ ಮೇಲೆ ನನ್ನ ಮೊಬೈಲ್. ತಗಡಿನ ಮೇಲೆ ಬೀಳುವ ಮಳೆಯ ಸದ್ದು ಮೈಕಿಗೆ ಬರಬಾರದು ಅಂತ ಕಿಟಕಿಗೆ ಎರಡು ಕಂಬಳಿ ಇಳಿಬಿಟ್ಟಿದ್ದೆವು. ಪರಿಚಯದ ಲೆಕ್ಚರರ್ ಒಬ್ಬರು ಕೇಳಿದ್ದರು, ಬಿ.ಕಾಂ. ಕೊನೆಯ ವರ್ಷದ ಮಕ್ಕಳಿಗೆ ಸಂದರ್ಶನದ ಬಗ್ಗೆ ಒಂದು ವಿಡಿಯೋ ಮಾಡಿಕೊಡಿ ಅಂತ. ಬೆಂಗಳೂರಿನ ಕಂಪನಿಯೊಂದರಲ್ಲಿ ಹನ್ನೊಂದು ವರ್ಷ ಜನರನ್ನು ಕೆಲಸಕ್ಕೆ ಆರಿಸುವ ಕೆಲಸವನ್ನೇ ಮಾಡಿದವಳು ನಾನು. ಖುಷಿಯಿಂದ ಒಪ್ಪಿಕೊಂಡೆ.

ಯೋಜನೆ ಸರಳವಾಗಿತ್ತು. ಒಂದೇ ಪ್ರಶ್ನೆಗೆ ಮೊದಲು ದುರ್ಬಲ ಉತ್ತರ, ಆಮೇಲೆ ಗಟ್ಟಿ ಉತ್ತರ. ಕೆಲಸ ಕೇಳಿಕೊಂಡು ಬಂದವಳು ನನ್ನ ಅಕ್ಕನ ಮಗಳು. ಅವಳದ್ದೂ ಅದೇ ವರ್ಷ ಬಿ.ಕಾಂ. ಮುಗಿದಿತ್ತು. ಸಂದರ್ಶನ ಮಾಡುವವರು ಪಕ್ಕದ ಮನೆಯ ಮಾವ, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಸಹಕಾರಿ ಸಂಘವೊಂದರ ಲೆಕ್ಕ ಸಹಾಯಕಿ ಹುದ್ದೆ ಅಂತ ಇಟ್ಟುಕೊಂಡೆವು.

ದುರ್ಬಲ ಉತ್ತರದ ಮೊದಲ ಟೇಕ್ ಪೂರ್ತಿ ನಾಟಕ ಆಯಿತು. ಹುಡುಗಿ ಕುರ್ಚಿಯಲ್ಲಿ ಜಾರಿ ಕೂತಳು, ಫೋನ್ ನೋಡಿದಳು, "ಸಂಬಳ ಎಷ್ಟು ಕೊಡ್ತೀರಿ?" ಅಂದಳು. ಮಾವ ನಕ್ಕುಬಿಟ್ಟರು. ನೋಡಲು ಚೆನ್ನಾಗಿತ್ತು, ಆದರೆ ಇಂಥ ವಿಡಿಯೋಗಳಲ್ಲಿ ನನಗೆ ಸರಿಬರದೇ ಇರುವುದೇ ಇದು. ಹನ್ನೊಂದು ವರ್ಷದಲ್ಲಿ ಹಾಗೆ ಕೂತು ಮಾತಾಡಿದವರನ್ನು ನಾನು ಹೆಚ್ಚುಕಡಿಮೆ ನೋಡಿಯೇ ಇಲ್ಲ. ನೋಡುವ ಮಕ್ಕಳು "ನಾನಂತೂ ಹೀಗೆ ಮಾಡಲ್ಲ" ಅಂತ ನೆಮ್ಮದಿಯಾಗಿ ಮುಂದೆ ಹೋಗುತ್ತಾರೆ. ನಿಜವಾದ ದುರ್ಬಲ ಉತ್ತರ ಕೇಳಲು ಸಭ್ಯವಾಗಿರುತ್ತದೆ. ಕೊಟ್ಟವರಿಗೆ ತಾವು ಚೆನ್ನಾಗಿ ಮಾಡಿದೆವು ಅಂತಲೇ ಅನಿಸಿರುತ್ತದೆ. ಕೆಲಸ ಯಾಕೆ ಸಿಗಲಿಲ್ಲ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಆ ಟೇಕ್ ಅಳಿಸಿ ಹಾಕಿದೆ.

ಗಟ್ಟಿ ಉತ್ತರದಲ್ಲಿ ತಪ್ಪು ಮಾಡಿದವಳು ನಾನು. ಹಿಂದಿನ ರಾತ್ರಿ ಕೂತು ಅವಳಿಗೆ ಒಂದು ಪುಟ ಬರೆದುಕೊಟ್ಟಿದ್ದೆ. ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಒಂದು ಪದವೂ ತಪ್ಪಲಿಲ್ಲ. ಆದರೆ ಕಣ್ಣು ಮಾತ್ರ ಮಾವನ ತಲೆಯ ಮೇಲಿನ ಗೋಡೆಯಲ್ಲಿತ್ತು, ಅಲ್ಲೇ ಬರೆದಿಟ್ಟದ್ದನ್ನು ಓದುವವರ ಹಾಗೆ. ಮಾವ ಎಷ್ಟೋ ವರ್ಷ ಸಂದರ್ಶನ ಮಾಡಿದವರು, ಸುಮ್ನೆ ಬಿಡುತ್ತಾರಾ? "ಹೌದಾ, ಅದು ಯಾವ ತಿಂಗಳಲ್ಲಿ ಆದದ್ದು?" ಅಂತ ಕೇಳಿದರು. ಅವಳು ನನ್ನ ಮುಖ ನೋಡಿದಳು. ಬರೆದದ್ದು ನಾನಲ್ವಾ, ತಿಂಗಳು ಅವಳಿಗೆಲ್ಲಿಂದ ಗೊತ್ತಿರಬೇಕು? ಬಾಯಿಪಾಠದ ಉತ್ತರ ಮೊದಲ ಪ್ರಶ್ನೆಗೆ ನಿಲ್ಲುತ್ತದೆ, ಎರಡನೆಯ ಪ್ರಶ್ನೆಗೆ ಕುಸಿಯುತ್ತದೆ.

ಕೆಳಗೆ ಹೋಗಿ ಚಹಾ ಕುಡಿಯುವಾಗ ಅವಳನ್ನು ಕೇಳಿದೆ, "ನೀನೇ ಲೆಕ್ಕ ಬರೆದದ್ದು ಎಲ್ಲಾದರೂ ಇದೆಯಾ? ಅದರಲ್ಲಿ ಏನಾದರೂ ಎಡವಟ್ಟು ಆಗಿತ್ತಾ?"

"ಎಂತದ್ದೂ ಇಲ್ಲ ಚಿಕ್ಕಿ. ಅಮ್ಮನ ಸಂಘದ ಪುಸ್ತಕ ಬರೀತೇನೆ, ಅಷ್ಟೇ."

ಹದಿನಾರು ಹೆಂಗಸರ ಸ್ವಸಹಾಯ ಸಂಘ. ವಾರಕ್ಕೊಮ್ಮೆ ಸೇರುತ್ತಾರೆ. ಉಳಿತಾಯ 60 ರೂಪಾಯಿ, ಸಾಲ ತೆಗೆದವರದ್ದು ಅದರ ಜೊತೆ ಕಂತು. ಮಾರ್ಚ್ ತಿಂಗಳ ಕೊನೆಗೆ ಪುಸ್ತಕಕ್ಕೂ ಡಬ್ಬಿಯಲ್ಲಿದ್ದ ನಗದಿಗೂ ತಾಳೆ ಆಗಲಿಲ್ಲ. ಡಬ್ಬಿಯಲ್ಲಿ 270 ರೂಪಾಯಿ ಕಡಿಮೆ. ಹದಿನಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ನಮ್ಮಕ್ಕ ಸಂಘದ ಕಾರ್ಯದರ್ಶಿ. ಮರ್ಯಾದೆಗೆ ಅಂಜಿ "ಹೋಗಲಿ, ನಾನೇ ಹಾಕ್ತೇನೆ" ಅಂತ ಪರ್ಸ್ ತೆಗೆದಳಂತೆ. ಇವಳು ಬೇಡ ಅಂದಳು. ಒಂದು ರಾತ್ರಿ ಸಮಯ ಕೊಡಿ ಅಂದಳು.

ಮನೆಗೆ ಬಂದು ಮಾಡಿದ ಮೊದಲ ಕೆಲಸ, 270ನ್ನು ಒಂಬತ್ತರಿಂದ ಭಾಗಿಸಿದ್ದು. ಸರಿಯಾಗಿ 30 ಬಂತು. ಲೆಕ್ಕ ಬರೆಯುವವರಿಗೆ ಇದು ಗೊತ್ತಿರುತ್ತದೆ. ಒಂದು ಸಂಖ್ಯೆಯ ಎರಡು ಅಂಕೆ ಅದಲುಬದಲಾದರೆ, ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ. 45ನ್ನು 54 ಅಂತ ಬರೆದರೆ ವ್ಯತ್ಯಾಸ 9. 360ನ್ನು 630 ಅಂತ ಬರೆದರೆ 270. ಭಾಗ ಹೋದ ಮಾತ್ರಕ್ಕೆ ತಪ್ಪು ಅದೇ ಅಂತ ಖಾತ್ರಿ ಇಲ್ಲ. ಆದರೆ ಎಲ್ಲಿಂದ ಹುಡುಕಬೇಕು ಅಂತ ದಾರಿ ಸಿಗುತ್ತದೆ. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ನೂರರ ಮತ್ತು ಹತ್ತರ ಸ್ಥಾನದ ಅಂಕೆ ಅದಲುಬದಲಾದರೆ, ಆ ಎರಡು ಅಂಕೆಗಳ ವ್ಯತ್ಯಾಸ ಎಷ್ಟೋ 90ರ ಅಷ್ಟು ಪಟ್ಟು ತಪ್ಪು ಬರುತ್ತದೆ. 270 ಅಂದರೆ 90ರ ಮೂರು ಪಟ್ಟು, ಜಾಸ್ತಿ ಇದ್ದದ್ದು ಪುಸ್ತಕದಲ್ಲಿ. ಹಾಗಾದರೆ ನೂರರ ಸ್ಥಾನದ ಅಂಕೆ ಹತ್ತರ ಸ್ಥಾನದ್ದಕ್ಕಿಂತ ಮೂರು ಜಾಸ್ತಿ ಇರುವ ಜಮಾಗಳನ್ನು ಮಾತ್ರ ನೋಡಿದರೆ ಸಾಕು. ಆ ತಿಂಗಳ 64 ಜಮಾಗಳಲ್ಲಿ ಅಂಥವು ಐದೇ ಇದ್ದವು. ಆ ಐವರ ಪಾಸ್‌ಬುಕ್ ತರಿಸಿ ನೋಡಿದಳು. ಮೂರನೆಯದರಲ್ಲಿ ಸಿಕ್ಕಿತು. ಉಳಿತಾಯ 60, ಕಂತು 300, ಒಟ್ಟು 360. ಸಂಘದ ಪುಸ್ತಕದಲ್ಲಿ 630.

ಕೇಳುತ್ತಾ ನನ್ನ ಚಹಾ ತಣ್ಣಗಾಗಿತ್ತು. ಇಷ್ಟು ಇಟ್ಟುಕೊಂಡು "ಎಂತದ್ದೂ ಇಲ್ಲ" ಅನ್ನುತ್ತಾಳಲ್ಲ!

ಮತ್ತೆ ಮಹಡಿ ಹತ್ತಿದೆವು. ವಿಡಿಯೋದ ಸ್ವರೂಪವೇ ಬದಲಾಯಿತು. ದುರ್ಬಲ ಉತ್ತರವೂ ಇದೇ ಘಟನೆಯದ್ದು, ಗಟ್ಟಿ ಉತ್ತರವೂ ಇದೇ ಘಟನೆಯದ್ದು. ಅದೇ ಹುಡುಗಿ, ಅದೇ ಚೂಡಿದಾರ, ಅದೇ ಕುರ್ಚಿ, ಅದೇ ನಗು. ಎರಡಕ್ಕೆ ಬೇರೆ ಬೇರೆ ಬಟ್ಟೆ ಹಾಕಿಸಿದರೆ ನೋಡುವವರು ಬಟ್ಟೆಯಿಂದ ಕೆಲಸ ಸಿಕ್ಕಿತು ಅಂದುಕೊಳ್ಳುತ್ತಾರೆ.

ಮಾವ ಕೇಳಿದರು: "ಕೆಲಸದಲ್ಲಿ ಒಂದು ತಪ್ಪು ಸಿಕ್ಕಿ ಅದನ್ನು ಸರಿ ಮಾಡಿದ ಪ್ರಸಂಗ ಹೇಳಿ."

ಮೊದಲ ಉತ್ತರ ಇದು: "ಸರ್, ಒಮ್ಮೆ ನಮ್ಮ ಸಂಘದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸ ಬಂದಿತ್ತು. ನಾವೆಲ್ಲ ಸೇರಿ ತಾಳ್ಮೆಯಿಂದ ಪರಿಶೀಲಿಸಿ ಸರಿಪಡಿಸಿದೆವು. ಅದರಿಂದ ಎಚ್ಚರಿಕೆಯಿಂದ ಕೆಲಸ ಮಾಡುವುದನ್ನು ಮತ್ತು ಒಗ್ಗಟ್ಟಿನ ಮಹತ್ವವನ್ನು ಕಲಿತೆ. ನಾನು ತುಂಬಾ ಶ್ರಮಜೀವಿ ಸರ್."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಮುಖದಲ್ಲಿ ಕಳೆ ಇತ್ತು, ದನಿ ಸ್ಪಷ್ಟವಾಗಿತ್ತು. ಉತ್ತರ ಮುಗಿದ ಕೂಡಲೇ ನಾನು ಮೊಬೈಲನ್ನು ಮಾವನ ಮುಂದಿದ್ದ ಹಾಳೆಯ ಮೇಲೆ ತಿರುಗಿಸಿದೆ. ಸಂದರ್ಶನ ಮಾಡುವವರ ಎದುರು ಸಾಮಾನ್ಯವಾಗಿ ಅಂಥದ್ದೊಂದು ಹಾಳೆ ಇರುತ್ತದೆ. ಪ್ರಶ್ನೆಯ ಕೆಳಗೆ ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಅದನ್ನು ನೋಡಿಯೇ ಅಂಕ ಹಾಕುವುದು. ಮಾವನ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಒಂದು ಅಕ್ಷರವೂ ಬಿದ್ದಿರಲಿಲ್ಲ. "ಬರೆಯೋದು ಎಂತದು?" ಅಂದರು ಮಾವ. ಆ ಖಾಲಿ ಹಾಳೆಯನ್ನು ವಿಡಿಯೋದಲ್ಲಿ ಐದು ಸೆಕೆಂಡ್ ಹಾಗೇ ಬಿಟ್ಟಿದ್ದೇನೆ.

ಗಟ್ಟಿ ಉತ್ತರಕ್ಕೆ ಈ ಸಲ ನಾನು ಏನೂ ಬರೆದುಕೊಡಲಿಲ್ಲ. ಚಹಾ ಕುಡಿಯುವಾಗ ಹೇಳಿದ ಹಾಗೇ ಹೇಳು, ಒಂದೂವರೆ ನಿಮಿಷ ಮೀರಬೇಡ, 270 ಅನ್ನುವುದರಿಂದಲೇ ಶುರು ಮಾಡು ಅಂದೆ, ಅಷ್ಟೇ. ಆದರೂ ಎರಡು ಟೇಕ್ ಹಾಳಾದವು. ಕಾರಣ ಒಂದೇ ಅಕ್ಷರ. ಅವಳು "ಭಾಗಿಸಿ ನೋಡಿದ್ವಿ, ಪಾಸ್‌ಬುಕ್ ತರಿಸಿದ್ವಿ" ಅನ್ನುತ್ತಿದ್ದಳು.

"ಭಾಗಿಸಿದ್ದು ಯಾರು?"

"ನಾನೇ."

"ಮತ್ತೆ ನಾವು ಅಂತ ಯಾಕೆ ಹೇಳ್ತೀ?"

"ನಾನು ನಾನು ಅಂದರೆ ಜಂಬ ಅನ್ನಿಸ್ತದೆ ಚಿಕ್ಕಿ."

ನಮ್ಮ ಕಡೆಯ ಮಕ್ಕಳಲ್ಲಿ ಇದನ್ನು ನಾನು ಬಹಳ ಸಲ ಕಂಡಿದ್ದೇನೆ. ಬೆಂಗಳೂರಿನಲ್ಲಿ ಕೂತಿದ್ದಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದ ಒಳ್ಳೊಳ್ಳೆಯ ಹುಡುಗರು "ಮಾಡಿದ್ವಿ, ಮುಗಿಸಿದ್ವಿ" ಅಂತಲೇ ಹೇಳುತ್ತಿದ್ದರು. ಮನೆಯಲ್ಲಿ ಕಲಿಸಿದ ವಿನಯ ಅದು, ಅದರ ಮೇಲೆ ನನಗೆ ಗೌರವ ಇದೆ. ಆದರೆ ಸಂದರ್ಶನ ಮಾಡುವವರಿಗೆ ಆ ಕೆಲಸದಲ್ಲಿ ಇವನ ಪಾಲು ಎಷ್ಟು ಅಂತ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಕೆಲವರು ಮತ್ತೆ ಕೇಳುತ್ತಾರೆ. ಸಮಯ ಇಲ್ಲದವರು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾನು ಅವಳಿಗೆ ಹೇಳಿದೆ: ಸಂಘ ಮಾಡಿದ್ದಕ್ಕೆ ನಾವು ಅನ್ನು, ನೀನು ಮಾಡಿದ್ದಕ್ಕೆ ನಾನು ಅನ್ನು. ಹೆಂಗಸರು ಒಂದು ರಾತ್ರಿ ಕಾದರು, ಅಮ್ಮ ಪಾಸ್‌ಬುಕ್ ತರಿಸಿಕೊಟ್ಟರು, ಭಾಗಿಸಿ ಹುಡುಕಿದ್ದು ನಾನು. ಹೀಗೆ ಹೇಳಿದರೆ ಯಾರ ಪಾಲೂ ಕಡಿಮೆ ಆಗುವುದಿಲ್ಲ, ನಿನ್ನದೂ ಕಾಣುತ್ತದೆ.

ಮೂರನೆಯ ಟೇಕ್‌ನಲ್ಲಿ ಅವಳ ಕಣ್ಣು ಗೋಡೆಗೆ ಹೋಗಲಿಲ್ಲ. ಮೇಜಿನ ಮೇಲೆ ಬೆರಳಿಂದ 360, 630 ಅಂತ ಬರೆದು ತೋರಿಸಿದಳು. ಹೇಳಿ ಮುಗಿಸಿದ ಮೇಲೆ ಮಾವ ತಮ್ಮ ಎರಡನೆಯ ಪ್ರಶ್ನೆ ಹಾಕಿದರು. "270 ರೂಪಾಯಿ ತಾನೇ? ನಿಮ್ಮ ತಾಯಿ ಹಾಕ್ತೇನೆ ಅಂದಿದ್ದರಲ್ಲ. ಯಾಕೆ ಬೇಡ ಅಂದಿರಿ?"

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಅವಳು ಒಂದು ಕ್ಷಣ ಸುಮ್ಮನಿದ್ದಳು.

"ಡಬ್ಬಿ ಸರಿ ಆಗ್ತಿತ್ತು ಸರ್, ಪುಸ್ತಕ ಸರಿ ಆಗ್ತಿರಲಿಲ್ಲ. ಯಾರದೋ ಒಬ್ಬರ ಸಾಲ 270 ರೂಪಾಯಿ ಜಾಸ್ತಿ ತೀರಿದ ಹಾಗೆ ಉಳಿದುಬಿಡ್ತಿತ್ತು. ವರ್ಷದ ಕೊನೆಗೆ ಅವರ ಪಾಸ್‌ಬುಕ್ಕಿಗೂ ನಮ್ಮ ಪುಸ್ತಕಕ್ಕೂ ಜಗಳ ಬರ್ತಿತ್ತು."

ಆಮೇಲೆ ಅವಳಾಗಿಯೇ ಸೇರಿಸಿದಳು: ತಪ್ಪು ಅಂಕೆಯನ್ನು ಕೆರೆದು ತಿದ್ದಲಿಲ್ಲ, ಓದಲು ಬರುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ 360 ಬರೆದು ಅಧ್ಯಕ್ಷರ, ಕಾರ್ಯದರ್ಶಿಯ ಸಹಿ ಹಾಕಿಸಿದೆ. ಈಗ ದುಡ್ಡು ಕೊಟ್ಟವರ ಎದುರೇ ಮೊತ್ತವನ್ನು ಗಟ್ಟಿಯಾಗಿ ಓದಿ ಹೇಳಿ ಆಮೇಲೆ ಬರೆಯುತ್ತೇನೆ. ಏಪ್ರಿಲ್‌ನಿಂದ ಮೂರು ತಿಂಗಳೂ ತಾಳೆ ಆಗಿದೆ.

ಮೊಬೈಲನ್ನು ಮತ್ತೆ ಹಾಳೆಯ ಮೇಲೆ ತಿರುಗಿಸಿದೆ. ಮಾವನ ಸಣ್ಣ ಅಕ್ಷರದಲ್ಲಿ ಐದು ಸಾಲು. "270, ÷9. ಐದೇ ಜಮಾ ನೋಡಿದ್ದು. ಸ್ವಂತ ದುಡ್ಡು ಬೇಡ ಅಂದದ್ದು. ಕೆರೆದಿಲ್ಲ, ಸಹಿ. ಓದಿ ಹೇಳುವುದು." ಕೊನೆಯ ಸಾಲಿನ ಕೆಳಗೆ ಅವರಾಗಿಯೇ ಗೆರೆ ಎಳೆದಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಆ ಹಾಳೆ ಸ್ವಲ್ಪ ಕತ್ತಲಲ್ಲೇ ರೆಕಾರ್ಡ್ ಆಗಿದೆ. ಬೆಳಗಿನ ಖಾಲಿ ಹಾಳೆಯ ಪಕ್ಕದಲ್ಲಿ ಅದನ್ನು ಇಟ್ಟು ವಿಡಿಯೋ ಮುಗಿಸಿದೆ. ಕೈ ಹೇಗೆ ಇಟ್ಟುಕೊಳ್ಳಬೇಕು, ಬಾಗಿಲು ಹೇಗೆ ತೆಗೆಯಬೇಕು ಅನ್ನುವುದನ್ನೆಲ್ಲ ಬಿಟ್ಟುಬಿಟ್ಟೆ.

ಅಕ್ಟೋಬರ್‌ನಲ್ಲಿ ಅವಳಿಗೆ ಕುಮಟಾ ಕಡೆಯ ಒಂದು ಸೊಸೈಟಿಯಿಂದ ಸಂದರ್ಶನಕ್ಕೆ ಕರೆ ಬಂತು. ಸಂಜೆ ಬಸ್ಸಿನಿಂದಲೇ ಫೋನ್ ಮಾಡಿದಳು. ದೇವಿಮನೆ ಘಟ್ಟದಲ್ಲಿ ಮಾತು ಮಧ್ಯೆ ಮಧ್ಯೆ ತುಂಡಾಗುತ್ತಿತ್ತು. 270ರ ಕಥೆ ಹೇಳಿದಳಂತೆ. ಅಲ್ಲಿದ್ದ ಒಬ್ಬರು ಕೇಳಿದರಂತೆ, "ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗದಿದ್ದರೆ ಏನು ಮಾಡ್ತಿದ್ರಿ?"

"ನೀನು ಎಂತ ಹೇಳಿದೆ?"

"ಅಷ್ಟೇ ಮೊತ್ತದ ಜಮಾ ಯಾವುದಾದರೂ ಬಿಟ್ಟುಹೋಗಿದೆಯಾ, ಎರಡು ಸಲ ಬಿದ್ದಿದೆಯಾ ಅಂತ ನೋಡ್ತೇನೆ ಅಂದೆ. ಆಮೇಲೆ ಅದರ ಅರ್ಧ ಮೊತ್ತದ್ದು, ಖರ್ಚಿನ ಬದಲು ಜಮಾಕ್ಕೆ ಹೋಗಿದೆಯಾ ಅಂತ. ಅದೂ ಅಲ್ಲದಿದ್ದರೆ ರಶೀದಿ ಇಟ್ಟುಕೊಂಡು ಮೊದಲಿಂದ ಒಂದೊಂದೇ ಟಿಕ್ ಹಾಕ್ತಾ ಬರೋದು, ಬೇರೆ ದಾರಿ ಇಲ್ಲ ಅಂದೆ."

"ಅದಕ್ಕೆ ಅವರು?"

ಫೋನ್ ಕಟ್ ಆಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಬಂತು.

"ಅವರು ಏನೂ ಹೇಳಲಿಲ್ಲ ಚಿಕ್ಕಿ. ಬರೆದುಕೊಂಡರು."