ಹೊಗೆಸೊಪ್ಪಿನ ಎಲೆಯಲ್ಲಿ ಕಂಡ ನೀಲಿ ಯಾರದು: ಯೋಜನೆಯ ಪ್ರಗತಿ ವರದಿ

ಸೋಂಕು ತಗುಲಿಸುವ ಹಂತ

ಬೆಂಗಳೂರಿನ ನಮ್ಮ ಕಾಲೇಜಿನ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ, ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದು, ಹೊಗೆಸೊಪ್ಪಿನ ಎಲೆಯ ತುಂಡುಗಳಿಗೆ ತನ್ನ ಡಿಎನ್‌ಎಯನ್ನು ಸಸ್ಯಕ್ಕೆ ದಾಟಿಸಬಲ್ಲ ಅಗ್ರೋಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾದ ಮೂಲಕ ಗಸ್ ಎಂಬ ವಂಶವಾಹಿಯನ್ನು ಸೇರಿಸುವ ಕೆಲಸ ನಡೆದಿದೆ. ಈ ವಂಶವಾಹಿ ತಯಾರಿಸುವ ಕಿಣ್ವವು ಎಕ್ಸ್-ಗ್ಲುಕ್ ದ್ರಾವಣವನ್ನು ನೀಲಿಯಾಗಿಸುತ್ತದೆ. ತುಂಡುಗಳನ್ನು ಬ್ಯಾಕ್ಟೀರಿಯಾ ದ್ರಾವಣದಲ್ಲಿ 10 ನಿಮಿಷ ಅದ್ದಿ, ಒತ್ತುಕಾಗದದಲ್ಲಿ ಒರೆಸಿ, 2 ದಿನ ಕತ್ತಲೆಯಲ್ಲಿ ಇಟ್ಟೆವು. ಗಾಯಗೊಂಡ ಜೀವಕೋಶಗಳಿಂದ ಹೊರಬರುವ ಅಸಿಟೋಸಿರಿಂಗೋನ್‌ನಂಥ ಫೀನಾಲಿಕ್ ವಸ್ತುಗಳ ಸುಳಿವು ಹತ್ತಿದಾಗ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ವರ್ಗಾವಣೆ ನಡೆಸುವ ವಿರ್ ವಂಶವಾಹಿಗಳು ಎಚ್ಚೆತ್ತುಕೊಳ್ಳುತ್ತವೆ. ವಿರ್‌ಡಿ2 ಎಂಬ ಪ್ರೋಟೀನ್ ಸಸ್ಯಕ್ಕೆ ವರ್ಗಾವಣೆಯಾಗುವ ತುಣುಕಾದ ಟಿ-ಡಿಎನ್‌ಎಯ ಎರಡು ಗಡಿಗಳನ್ನು ಕತ್ತರಿಸಿ, ಬಿಡಿಸಿಕೊಂಡ ಒಂಟಿ ಎಳೆಯ ತುದಿಗೆ ತಾನೇ ಅಂಟಿಕೊಂಡು, ಅದರೊಂದಿಗೆ ಸಸ್ಯಕೋಶದೊಳಗೆ ಹೋಗುತ್ತದೆ. ಎಳೆ ದಾಟುವ ನಳಿಕೆಯ ರಚನೆಗೆ ತಂಪು ಬೇಕು. ಏಪ್ರಿಲ್ ಸೆಕೆಯಲ್ಲಿ ಕೋಣೆಯ ಉಷ್ಣತೆ 28 ಡಿಗ್ರಿ ಮೀರಿದರೆ ವರ್ಗಾವಣೆ ಕುಗ್ಗುವುದರಿಂದ 22 ಡಿಗ್ರಿಯ ಇನ್‌ಕ್ಯುಬೇಟರ್ ಬಳಸಿದ್ದೇವೆ.

ನೀಲಿ ಪರೀಕ್ಷೆ

ಬ್ಯಾಕ್ಟೀರಿಯಾದೊಂದಿಗಿನ ಈ 2 ದಿನದ ಸಹಕೃಷಿ ಮುಗಿದೊಡನೆ ಕೆಲವು ತುಂಡುಗಳನ್ನು ಎಕ್ಸ್-ಗ್ಲುಕ್‌ನಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಮದ್ಯಸಾರದಿಂದ ಹಸಿರು ತೆಗೆದಾಗ, ಕತ್ತರಿಸಿದ ಅಂಚಿನುದ್ದಕ್ಕೂ ನೀಲಿ ಚುಕ್ಕೆಗಳು ಕಂಡವು. ಆದರೆ ಅಂಚಿನಲ್ಲೇ ಬ್ಯಾಕ್ಟೀರಿಯಾವೂ ಮುತ್ತಿಕೊಂಡಿರುತ್ತದೆ. ಸಾಮಾನ್ಯ ಗಸ್ ವಂಶವಾಹಿ ಬ್ಯಾಕ್ಟೀರಿಯಾದೊಳಗೂ ಅಲ್ಪಸ್ವಲ್ಪ ಕೆಲಸ ಮಾಡುವುದರಿಂದ, ಅದನ್ನು ಬಳಸಿದ್ದರೆ ಆ ನೀಲಿಯನ್ನು ನಂಬುವಂತಿರಲಿಲ್ಲ. ಆದ್ದರಿಂದಲೇ ನಾವು ಪಿಕ್ಯಾಂಬಿಯಾ 2301 ಎಂಬ ವಾಹಕವನ್ನು ಆರಿಸಿಕೊಂಡಿದ್ದು. ಅದರ ಗಸ್ ವಂಶವಾಹಿಯ ನಡುವೆ ಇಂಟ್ರಾನ್ ಎಂಬ, ಪ್ರೋಟೀನ್ ಸಂಕೇತವಿಲ್ಲದ ತುಣುಕನ್ನು ಸೇರಿಸಲಾಗಿದೆ. ಇಂಟ್ರಾನನ್ನು ಕತ್ತರಿಸಿ ತೆಗೆಯುವ ವ್ಯವಸ್ಥೆ ಸಸ್ಯಕೋಶಕ್ಕಿದೆ, ಬ್ಯಾಕ್ಟೀರಿಯಾಕ್ಕಿಲ್ಲ. ಹಾಗಾಗಿ ನೀಲಿ ಬಂದರೆ ಅದು ಸಸ್ಯದ್ದೇ. ಆದರೂ ಈ ಆರಂಭದ ನೀಲಿ ಡಿಎನ್‌ಎ ಕೋಶದೊಳಗೆ ತಲುಪಿದ್ದನ್ನಷ್ಟೇ ಹೇಳುತ್ತದೆ. ವರ್ಣತಂತುವಿಗೆ ಸೇರದೆ ಕೆಲದಿನ ಕೆಲಸ ಮಾಡಿ ಅಳಿದುಹೋಗುವ ಪ್ರತಿಗಳೇ ಆಗ ಹೆಚ್ಚು.

ಚಿಗುರು ಬಂದ ಮೇಲೆ

ನಮ್ಮ ವಾಹಕದ ಟಿ-ಡಿಎನ್‌ಎಯಲ್ಲಿ ಕ್ಯಾನಮೈಸಿನ್ ಎಂಬ ಪ್ರತಿಜೀವಕವನ್ನು ತಡೆದುಕೊಳ್ಳುವ ವಂಶವಾಹಿಯೂ ಇದೆ. ಲೀಟರಿಗೆ 100 ಮಿಲಿಗ್ರಾಂ ಕ್ಯಾನಮೈಸಿನ್ ಇರುವ ಮಾಧ್ಯಮದಲ್ಲಿ ಕೆಲವು ಚಿಗುರುಗಳು ಬೆಳ್ಳಗಾದವು, ಕೆಲವು ಹಸಿರಾಗಿಯೇ ಉಳಿದವು. ಆ ವಂಶವಾಹಿ ಸೇರದಿದ್ದರೂ ಪಕ್ಕದ ನಿರೋಧಕ ಕೋಶಗಳ ಆಸರೆಯಲ್ಲಿ ಬದುಕುವ ಕಳ್ಳ ಚಿಗುರುಗಳೂ ಇರುವುದರಿಂದ, ಹಸಿರು ಚಿಗುರುಗಳನ್ನು ಮತ್ತೆ ಕ್ಯಾನಮೈಸಿನ್ ಮಾಧ್ಯಮದಲ್ಲೇ ಬೇರು ಬಿಡಿಸುತ್ತಿದ್ದೇವೆ; ನನ್ನ ಮಟ್ಟಿಗೆ ಎಲೆಯ ಬಣ್ಣಕ್ಕಿಂತ ಬೇರಿನ ಸಾಕ್ಷಿಯೇ ನಂಬಲರ್ಹ.

ಬೇರು ಬಿಟ್ಟ ಗಿಡಗಳಲ್ಲಿ ವಂಶವಾಹಿಯನ್ನು ನಕಲು ಮಾಡಿ ಪತ್ತೆಹಚ್ಚುವ ಪಿಸಿಆರ್‌ನಲ್ಲೂ ಅದೇ ಹಳೆಯ ಅನುಮಾನ ಕಾಡುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಸೆಫೋಟ್ಯಾಕ್ಸಿಮ್ ಹಾಕಿದರೂ ಎಲೆಯ ಸಂದುಗಳಲ್ಲಿ ಬ್ಯಾಕ್ಟೀರಿಯಾ ಉಳಿದು ಸುಳ್ಳು ಡಿಎನ್‌ಎ ಪಟ್ಟಿ ತೋರಿಸಬಹುದು. ಅದಕ್ಕಾಗಿ ಟಿ-ಡಿಎನ್‌ಎಯ ಹೊರಗಿದ್ದು ಬ್ಯಾಕ್ಟೀರಿಯಾದಲ್ಲೇ ಉಳಿಯುವ ವಿರ್‌ಜಿ ವಂಶವಾಹಿಗೂ ಪ್ರೈಮರ್ ಹಾಕುತ್ತಿದ್ದೇವೆ. ಗಸ್ ಪಟ್ಟಿ ಬಂದು ವಿರ್‌ಜಿ ಪಟ್ಟಿ ಬಾರದ ಗಿಡಗಳನ್ನು ಮಾತ್ರ ಕುಂಡಕ್ಕೆ ಹಾಕಿ, ಸ್ವಪರಾಗಸ್ಪರ್ಶಕ್ಕಾಗಿ ಹೂಗೊಂಚಲಿಗೆ ಚೀಲ ಕಟ್ಟಿ, ಬೀಜ ಪಡೆಯುತ್ತೇವೆ. ಟಿ-ಡಿಎನ್‌ಎ ಒಂದೇ ಜಾಗದಲ್ಲಿ ಸೇರಿದ್ದರೆ, ಆ ಬೀಜಗಳಲ್ಲಿ ಸುಮಾರು ಮೂರು ಹಸಿರಿಗೆ ಒಂದು ಬಿಳಿಯಂತೆ ಸಸಿಗಳು ಕ್ಯಾನಮೈಸಿನ್ ತಟ್ಟೆಯಲ್ಲಿ ಬರಬೇಕು.