ಬಿಪಿ ಪಟ್ಟಿ ಬಿಚ್ಚಿದ ಮೇಲೆ ಬಂದ ನಗು

ರಾಯಚೂರು, 12 ನವೆಂಬರ್ 2025

ಇವತ್ತು ಒಂದು ಹೋಂ ನರ್ಸಿಂಗ್ ಸಂಸ್ಥೆಗೆ ಫೋಟೊ ತೆಗೆಯುವ ಕೆಲಸವಿತ್ತು. ಅವರ ನರ್ಸ್ ನೋಡಿಕೊಳ್ಳುವ ಒಬ್ಬ ಅಜ್ಜಿಯ ಫೋಟೊ ಅದು. ಅಜ್ಜಿಗೆ ಲಕ್ವ ಹೊಡೆದು ಬಲಗೈ ಸೋತಿದೆ. ಸಂಸ್ಥೆಯವರು ಮಾದರಿಗೆ ಅಂತ ಒಂದು ಚಿತ್ರ ಕಳಿಸಿದ್ದರು: ನರ್ಸ್ ನಿಂತುಕೊಂಡು ಬಿಪಿ ನೋಡುತ್ತಾಳೆ, ಇಬ್ಬರೂ ಕ್ಯಾಮೆರಾ ನೋಡಿ ನಗುತ್ತಾರೆ.

ಅಜ್ಜಿಯ ನರ್ಸ್ ಅದನ್ನು ನೋಡಿದ ಕೂಡಲೇ ಬೇಡ ಅಂದರು. ಬಿಪಿ ನೋಡುವಾಗ ಮಾತಾಡಬಾರದು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಬೇಕು, ತೋಳು ಎದೆಯ ಮಟ್ಟಕ್ಕೆ ಇರಬೇಕು. ತೋಳು ಕೆಳಗೆ ಜೋತುಬಿದ್ದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕೆಲಸ ಗೊತ್ತಿರುವವರು ಅಂಥ ಚಿತ್ರ ನೋಡಿದರೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ಹಾಗಾಗಿ ಅವರು ದಿನಾ ಮಾಡುವ ಹಾಗೇ ಮಾಡಿದರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ನೆಲಕ್ಕೆ ಎಟುಕದ್ದಕ್ಕೆ ಮಣೆ ಕೊಟ್ಟರು. ಐದು ನಿಮಿಷ ಸುಮ್ನೆ ಬಿಟ್ಟರು. ಸೋಲದ ಎಡಗೈಯ ಕೆಳಗೆ ದಿಂಬು ಇಟ್ಟರು. "ಯವ್ವಾ, ನೀ ಯಾಕ್ ನಿಂತಿ, ಕುಂದ್ರು" ಅಂದರು ಅಜ್ಜಿ. ನರ್ಸ್ ಪಕ್ಕದ ಸ್ಟೂಲ್ ಮೇಲೆ ಕೂತರು. ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬಂದವು. ನಾನೂ ನೆಲದ ಮೇಲೆ ಕೂತು ಕ್ಯಾಮೆರಾವನ್ನು ಆ ಮಟ್ಟಕ್ಕೇ ಇಟ್ಟೆ. ಮೇಲಿಂದ ತೆಗೆದರೆ ಹಿರಿಯರು ಕುಗ್ಗಿದ ಹಾಗೆ ಕಾಣುತ್ತಾರೆ.

ಟ್ಯೂಬ್‌ಲೈಟ್ ಆರಿಸಿದೆ. ಅದೂ ಕಿಟಕಿ ಬೆಳಕೂ ಬೆರೆತರೆ ಮುಖದ ಒಂದು ಕಡೆ ಹಸಿರಾಗುತ್ತದೆ. ಇಲ್ಲಿನ ಬಿಸಿಲು ನವೆಂಬರಿನಲ್ಲೂ ಕಣ್ಣು ಕುಕ್ಕುತ್ತದೆ, ಕಿಟಕಿಗೆ ಬಿಳಿ ಧೋತರ ಕಟ್ಟಿ ಮೆತ್ತಗೆ ಮಾಡಿಕೊಂಡೆ. 50 ಎಂಎಂ ಲೆನ್ಸ್, f/4. ಇನ್ನೂ ತೆರೆದರೆ ಕೈ ಚೊಕ್ಕವಾಗಿ ಬಂದು ಮುಖ ಮಸುಕಾಗುತ್ತಿತ್ತು. ನನಗೆ ಎರಡೂ ಬೇಕಿತ್ತು. ಅಜ್ಜಿಯ ಬೆರಳು ಸ್ವಲ್ಪ ನಡುಗುವುದರಿಂದ ಶಟರ್ 1/250ಕ್ಕೆ ಏರಿಸಿದೆ.

ಬಿಪಿ ನೋಡುವಾಗ ಇಬ್ಬರೂ ಗಂಭೀರವಾಗಿದ್ದರು. ನರ್ಸ್ ಕಣ್ಣು ಮೀಟರ್ ಮೇಲೆ, ಅಜ್ಜಿ ಕಣ್ಣು ನರ್ಸ್ ಮುಖದ ಮೇಲೆ. ಪಟ್ಟಿ ಬಿಚ್ಚಿ "ಚಲೋ ಐತಿ ಅವ್ವಾರ" ಅಂದಾಗ ಅಜ್ಜಿ ನಕ್ಕರು, ಎಡಗೈಯಿಂದ ಹುಡುಗಿಯ ಮಣಿಕಟ್ಟು ಹಿಡಿದರು. ಆ ಫೋಟೊ ಸಿಕ್ಕಿತು. ಉಬ್ಬಿದ ನರ, ಸವೆದ ಬಳೆ, ಉಗುರಿನ ಅಂಚಿನ ಅರಿಶಿನ ಎಲ್ಲ ಇದೆ. ಚರ್ಮ ನುಣುಪು ಮಾಡುವ ಫಿಲ್ಟರ್ ಹಾಕುವುದಿಲ್ಲ. ಹಾಕಿದರೆ ಬೆರಳ ಗೆಣ್ಣುಗಳೇ ಮಾಯವಾಗಿ ಕೈ ಮೇಣದ್ದಾಗುತ್ತದೆ.

ಅಜ್ಜಿಯ ಮಗ ಆಗಲೇ ಒಪ್ಪಿಗೆಗೆ ಸಹಿ ಹಾಕಿದ್ದರು. ಆದರೂ ಪರದೆ ಮೇಲೆ ಒಂದೊಂದೇ ಚಿತ್ರ ಅಜ್ಜಿಗೇ ತೋರಿಸಿದೆ. ಸೆರಗು ಜಾರಿದ್ದ ಒಂದು ಬೇಡ ಅಂದರು, ಅವರೆದುರೇ ಅಳಿಸಿದೆ. ವೆಬ್‌ಸೈಟಿಗೆ ಒಪ್ಪಿದರು. ಬಸ್ ಸ್ಟ್ಯಾಂಡ್ ಹತ್ತಿರ ದೊಡ್ಡ ಬೋರ್ಡಿಗೆ ಮಾತ್ರ ಬೇಡವಂತೆ, ಬೀಗರು ನೋಡುತ್ತಾರೆ ಅಂತ. ಅದನ್ನೇ ಒಪ್ಪಿಗೆ ಪತ್ರದಲ್ಲಿ ಸೇರಿಸಿ ಸಂಸ್ಥೆಗೆ ಕಳಿಸಿದ್ದೇನೆ.