ಮನೆಯಲ್ಲಿ ಕೂತು ಕೇಳುವ ಪ್ರಸಂಗ

ಭಾನುವಾರದ 35 ನಿಮಿಷದ ಪ್ರಸಂಗವನ್ನ ಹಂಗ ತುಂಡು ಮಾಡಿ ಹಾಕಿದ್ರ ವಿಡಿಯೋ ಆಗಂಗಿಲ್ಲ. ಒಳ್ಳೇ ಸಮಾರ್ಯದವನ ಸಾಮ್ಯ ತಗೋರಿ, ಲೂಕ 10. ಅದನ್ನ ಮೂರು ವಿಡಿಯೋ ಮಾಡಬೇಕು. ಮೊದಲ ಭಾಗ 25ರಿಂದ 29ನೇ ವಚನ, "ನನ್ನ ನೆರೆಯವನು ಯಾರು?" ಅನ್ನೋ ಪ್ರಶ್ನೆಗೆ ನಿಲ್ಲಬೇಕು. ಎರಡನೇದು ಯಾಜಕ ಮತ್ತು ಲೇವಿಯ ದಾಟಿ ಹೋಗೋದು. ಮೂರನೇದರಲ್ಲಿ ಸಮಾರ್ಯದವನು ಬರ್ತಾನ, ಕಡೀಗೆ ಯೇಸು ಆ ಪ್ರಶ್ನೆಯನ್ನೇ ತಿರುಗಿಸಿ ಕೇಳ್ತಾನ.

ತೊಡಕು ಎರಡನೇ ಭಾಗದಾಗ. ಅದು "ಆ ಮನುಷ್ಯ" ಅಂತ ಶುರುವಾದ್ರ, ನೋಡೋರಿಗೆ ಯಾವ ಮನುಷ್ಯ ಅಂತ ಗೊತ್ತಾಗಂಗಿಲ್ಲ. "ಯೆರೂಸಲೇಮಿನಿಂದ ಯೆರಿಕೋಗೆ ಇಳಿಯೋ ದಾರ್ಯಾಗ ಕಳ್ಳರು ಹೊಡೆದು ಬಿಟ್ಟು ಹೋದ ಒಬ್ಬ" ಅಂತ ಒಂದ ಸಾಲಿನಾಗ ಹೊಸದಾಗಿ ಕಟ್ಟಿಕೊಡಬೇಕು. ಇನ್ನ ಈ ಭಾಗ ಒಂದನ್ನೇ ನೋಡಿದವರಿಗೆ ಬರೇ ಯಾಜಕನ್ನ ಬೈದಂಗ ಕೇಳಿಸ್ತದ, ಅದಕ್ಕ "ಮೂರನೆಯವನು ಬರೋದು ಇನ್ನೂ ಐತಿ" ಅಂತ ಹೇಳಿ ಮುಗಿಸ್ರಿ.

ದೇವಾಲಯದಾಗ ಮಂದಿ ಬೈಬಲ್ ತೆರೆಯೋತನಕ ಕಾಯ್ತೀವಿ. ವಿಡಿಯೋದಾಗ ಆ ಮೌನ ಬಂದ್ರ ನೆಟ್‌ವರ್ಕ್ ನಿಂತದ ಅಂತ ತಿಳೀತಾರ. ವಚನ ಪರದೆ ಮೇಲೆ ಬರಲಿ, ಓದಲಿಕ್ಕೆ ಸಾಕಷ್ಟು ಹೊತ್ತು ಇರಲಿ.

ಧಾರವಾಡದ ಹಳೇ ದೇವಾಲಯದಂಥ ಎತ್ತರದ ಚಾವಣಿ ಕೆಳಗ ದನಿ ಗುಂಯ್‌ಗುಡ್ತದ. ಸಣ್ಣ ಕೋಣೆ, ದಪ್ಪ ಪರದೆ, ಅಂಗಿಯ ಎರಡನೇ ಗುಂಡಿ ಹತ್ರ ಕಾಲರ್ ಮೈಕ್, ಇಷ್ಟಿದ್ರ ನಡೀತದ. ಕಣ್ಣು ಲೆನ್ಸಿನ ಮೇಲಿರಲಿ. "ಪ್ರಿಯ ಸಭೆಯವರೇ" ಬ್ಯಾಡ. ಆ ಕಡೆ ಕೂತಾಕಿ ಒಬ್ಬಾಕಿನೇ, ರೊಟ್ಟಿ ಬಡಿಯಾಕತ್ತಿರಬಹುದು.